‘ಸಾಕಷ್ಟು ನೀರು’ ಅಂದರೆ ಎಷ್ಟು ಲೀಟರ್?

ಬೇಸಿಗೆ ಬಂತೆಂದರೆ ಜತ್ತ ಭಾಗದ ಹಳ್ಳಿಗಳಲ್ಲಿ ಕೊಡ ಹಿಡಿದು ಟ್ಯಾಂಕರ್ ಹಾದಿ ಕಾಯುವುದು ಹೊಸದೇನಲ್ಲ. ಟ್ಯಾಂಕರ್ ತಡವಾದರೆ ಜನ ಬೈಯುವುದು ಡ್ರೈವರನಿಗೆ. ಆದರೆ ತಪ್ಪು ಎಷ್ಟೋ ಸಲ ಟೆಂಡರ್ ಕಾಗದದಲ್ಲೇ ಇರುತ್ತದೆ.

ಒಂದು ಹಳ್ಳಿಯ ಉದಾಹರಣೆ ಹಿಡಿಯೋಣ. ಜನ 1,800, ನೀರು ತುಂಬುವ ಬಾವಿ 14 ಕಿ.ಮೀ. ದೂರ. ಟೆಂಡರಿನಲ್ಲಿ ‘ಪುರೇಸೆ ಪಾಣಿ’, ಅಂದರೆ ಸಾಕಷ್ಟು ಶುದ್ಧ ನೀರನ್ನು ವೇಳೆಗೆ ಸರಿಯಾಗಿ ಪೂರೈಸಬೇಕು, ಪ್ರತಿ ಕಿ.ಮೀ. ದರ ಬರೆಯಬೇಕು ಎಂದಷ್ಟೇ ಇದೆ. ಒಬ್ಬ ಗುತ್ತಿಗೆದಾರ ಹೋಗಿ ಬರುವ 28 ಕಿ.ಮೀ. ಲೆಕ್ಕ ಹಿಡಿದು 60 ರೂಪಾಯಿ ಬರೆಯುತ್ತಾನೆ. ಇನ್ನೊಬ್ಬ ಬರೀ 14 ಕಿ.ಮೀ. ಹಿಡಿದು 100 ರೂಪಾಯಿ ಬರೆಯುತ್ತಾನೆ. ಕಾಗದದ ಮೇಲೆ ಮೊದಲಿನವನೇ ಅಗ್ಗ. ಖೇಪಿಗೆ ಲೆಕ್ಕ ಹಾಕಿದರೆ ಅವನದು 1,680, ಎರಡನೆಯವನದು 1,400! ಇಬ್ಬರೂ ಸುಳ್ಳು ಹೇಳಿಲ್ಲ. ಒಂದೇ ಸಾಲನ್ನು ಎರಡು ಥರ ಓದಿದ್ದಾರೆ ಅಷ್ಟೇ. ದಿನಕ್ಕೆ ನಾಲ್ಕು ಖೇಪು ಅಂದರೆ ಪಂಚಾಯಿತಿಗೆ 1,120 ರೂಪಾಯಿ ಹೆಚ್ಚಿಗೆ ಬಿತ್ತು.

ಇದನ್ನು ಹೀಗೆ ತಿದ್ದಿ ಬರೆಯಬಹುದು: ‘ಗೊತ್ತುಪಡಿಸಿದ ಬಾವಿಯಿಂದ ಊರಿನ ಟಾಕಿಯವರೆಗೆ ಒಂದು ಬದಿ 14 ಕಿ.ಮೀ.; ಹೋಗಿ ಬರುವುದು ಸೇರಿ ಒಂದು ಪೂರ್ತಿ ಖೇಪಿನ ದರ ಬರೆಯಬೇಕು.’ ಇನ್ನು ನೀರು. ತಲೆಗೆ 20 ಲೀಟರ್ ಅಂದರೆ 36,000 ಲೀಟರ್, 10,000 ಲೀಟರಿನ ಟ್ಯಾಂಕರಿಗೆ 3.6 ಖೇಪು. ಆ ಅರ್ಧಮರ್ಧ ಖೇಪಿನಲ್ಲೇ ಜಗಳ ಹುಟ್ಟೋದು. ಹೀಗಾಗಿ ದಿನಕ್ಕೆ ನಾಲ್ಕು ಪೂರ್ತಿ ಖೇಪು, ಮೊದಲನೆಯದು ಮುಂಜಾನೆ 7ರ ಒಳಗೆ ಎಂದೇ ಬರೆಯಬೇಕು. ನೀರು ಅಳೆಯುವುದು ಬಾವಿಯ ಹತ್ತಿರವಲ್ಲ, ಊರಲ್ಲಿ, ಗುರುತು ಹಾಕಿದ ಅಳತೆ ಕೋಲಿನಿಂದ. ದಾರಿಯಲ್ಲಿ ಯಾರದೋ ತೋಟಕ್ಕೆ ಇಳಿದ ನೀರು ಆಗ ಬಿಲ್ಲಿಗೆ ಏರುವುದಿಲ್ಲ. ‘ಶುದ್ಧ’ ಎಂಬ ಮಾತಿಗೂ ಅಳತೆ ಉಂಟು. ಖಾಲಿ ಮಾಡುವಾಗ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಕ್ಲೋರಿನ್ ಉಳಿದಿರಬೇಕು. ಕ್ಲೋರೋಸ್ಕೋಪ್ ಇದ್ದರೆ ಬಣ್ಣ ನೋಡಿ ನಿಂತಲ್ಲೇ ಹೇಳಬಹುದು.

ಹಾಗಂತ ಅಂಕಿ ಹಾಕಿದರೆ ಎಲ್ಲಾ ಸರಿ ಅಂತಲ್ಲ. ‘12,000 ಲೀಟರಿನ, ಎರಡು ವರ್ಷದೊಳಗಿನ ಗಾಡಿ’ ಎಂದರೆ ಅದೂ ಪಕ್ಕಾ ಅಳತೆಯೇ. ಆದರೆ ಅಂಥ ಗಾಡಿ ಊರಲ್ಲಿ ಒಬ್ಬನ ಹತ್ತಿರ ಮಾತ್ರ ಇದ್ದರೆ ಟೆಂಡರ್ ಯಾರಿಗೆ ಎಂಬುದು ಮೊದಲೇ ತೀರ್ಮಾನವಾದಂತೆ. ಊರಿಗೆ ಬೇಕಿರುವುದು 36,000 ಲೀಟರ್ ನೀರು, ಹೊಸ ಗಾಡಿಯಲ್ಲ. ಇನ್ನು ಮುಖ್ಯ ಕರಾರಿನಲ್ಲಿ ನಾಲ್ಕು ಖೇಪು, ದರಪಟ್ಟಿಯಲ್ಲಿ ಮೂರು ಎಂದಿದ್ದರೆ ಗುತ್ತಿಗೆದಾರ ಮೂರನ್ನೇ ಹಿಡಿಯುತ್ತಾನೆ. ಎರಡರಲ್ಲಿ ಯಾವುದು ನಡೆಯುತ್ತದೆ ಎಂದು ಒಂದು ಸಾಲು ಇರಲೇಬೇಕು.

ಟೆಂಡರ್ ಹೊರಡಿಸುವ ಮುನ್ನ ಅದನ್ನು ಬರೆಯದ ಇಬ್ಬರಿಗೆ ಬೇರೆ ಬೇರೆ ಕೂಡ್ರಿಸಿ, ಒಂದು ದಿನದ ಬಿಲ್ ತಯಾರಿಸಲು ಹೇಳಬೇಕು. ಇಬ್ಬರ ಮೊತ್ತ ಬೇರೆಯಾದರೆ ಆ ಸಾಲು ಮತ್ತೆ ತಿದ್ದಬೇಕು. ಹೊರಡಿಸಿದ ಮೇಲೆ ಯಾರಾದರೂ ಸಂಶಯ ಕೇಳಿದರೆ ಫೋನಿನಲ್ಲಿ ಅವನೊಬ್ಬನಿಗೆ ಹೇಳಿ ಮುಗಿಸದೆ, ಶುದ್ಧಿಪತ್ರ ತೆಗೆದು ಎಲ್ಲರಿಗೂ ಲೇಖಿಯಾಗಿ ತಿಳಿಸಬೇಕು.