ಟೆಂಡರ್ ಅರ್ಹತಾ ಷರತ್ತುಗಳ ಬಗ್ಗೆ ಸ್ಪಷ್ಟೀಕರಣ ಕೋರಿ ಮನವಿ

ಇವರಿಗೆ,
ಕಾರ್ಯಪಾಲಕ ಎಂಜಿನಿಯರ್ ಹಾಗೂ ಟೆಂಡರ್ ಆಹ್ವಾನಿಸುವ ಪ್ರಾಧಿಕಾರಿಗಳು

ಇವರಿಂದ,
ವ್ಯವಸ್ಥಾಪಕ ಪಾಲುದಾರರು, ನೋಂದಾಯಿತ ಸಿವಿಲ್ ಗುತ್ತಿಗೆದಾರ ಸಂಸ್ಥೆ

ವಿಷಯ: ಓವರ್‌ಹೆಡ್ ಟ್ಯಾಂಕ್ ನಿರ್ಮಾಣ ಕಾಮಗಾರಿಯ ಟೆಂಡರ್‌ನಲ್ಲಿ ಎರಡು ಅರ್ಹತಾ ಷರತ್ತುಗಳಿಗೆ ಬಿಡ್ ಸಲ್ಲಿಕೆಗೆ ಮುನ್ನ ಲಿಖಿತ ಸ್ಪಷ್ಟೀಕರಣ ಕೋರಿ.

ಮಾನ್ಯರೇ,

ಈ ಕಾಮಗಾರಿಯ ಅಂದಾಜು ಮೊತ್ತ 240 ಲಕ್ಷ ರೂಪಾಯಿ, ಅವಧಿ 9 ತಿಂಗಳು. ಟೆಂಡರ್ ದಾಖಲೆಯ ಎರಡು ಷರತ್ತುಗಳನ್ನು ಎರಡು ರೀತಿ ಓದಲು ಅವಕಾಶವಿದ್ದು, ಒಂದು ರೀತಿ ಓದಿದರೆ ನಾವು ಅರ್ಹರು, ಇನ್ನೊಂದು ರೀತಿ ಓದಿದರೆ ಅನರ್ಹರು.

1. ಟೆಂಡರ್ ಸಾಮರ್ಥ್ಯ: ಇದರ ಸೂತ್ರ A × N × 1.5 – B. A ಎಂದರೆ ಕಳೆದ ಐದು ವರ್ಷಗಳಲ್ಲಿ ಯಾವುದೇ ಒಂದು ವರ್ಷ ಮಾಡಿದ ಗರಿಷ್ಠ ಕೆಲಸದ ಮೌಲ್ಯ. ನಮ್ಮದು 280 ಲಕ್ಷ. N ಕಾಮಗಾರಿಯ ಅವಧಿ, ವರ್ಷಗಳಲ್ಲಿ. ಅದನ್ನು 0.75 ಎಂದು ಹಿಡಿದರೆ ಮೊದಲ ಭಾಗ 315 ಲಕ್ಷವಾಗುತ್ತದೆ. B ಕೈಯಲ್ಲಿರುವ ಕಾಮಗಾರಿಗಳ ಬಾಕಿ. ನಮ್ಮ ಒಟ್ಟು ಬಾಕಿ 90 ಲಕ್ಷ. ಅದರಲ್ಲಿ ಮುಂದಿನ 9 ತಿಂಗಳೊಳಗೆ ಮುಗಿಸಬೇಕಾದದ್ದು 60 ಲಕ್ಷ ಮಾತ್ರ. ಒಟ್ಟು ಬಾಕಿಯನ್ನು ಕಳೆದರೆ 225 ಲಕ್ಷ ಉಳಿಯುತ್ತದೆ, ನಾವು ಅನರ್ಹರಾಗುತ್ತೇವೆ. ಅವಧಿಯೊಳಗಿನ ಬಾಕಿಯನ್ನಷ್ಟೇ ಕಳೆದರೆ 255 ಲಕ್ಷ ಉಳಿದು ಅರ್ಹರಾಗುತ್ತೇವೆ. N ಅನ್ನು 0.75 ಎಂದೇ ಹಿಡಿಯಬೇಕೇ, ಪೂರ್ಣ 1 ಎಂದೇ ಎಂಬುದನ್ನೂ ದಾಖಲೆ ಹೇಳಿಲ್ಲ.

2. ಇದೇ ಬಗೆಯ ಕಾಮಗಾರಿಯ ಅನುಭವ: ಅಂದಾಜು ಮೊತ್ತದ ಶೇ. 80, ಅಂದರೆ 192 ಲಕ್ಷ ಮೌಲ್ಯದ ಒಂದು ಕಾಮಗಾರಿ ಮುಗಿಸಿರಬೇಕು. ಹಿಂದಿನ ವರ್ಷಗಳ ಮೌಲ್ಯಕ್ಕೆ ವರ್ಷಕ್ಕೆ ಶೇ. 10 ಸೇರಿಸಬಹುದು ಎಂದಿದೆ. ನಾವು 2021–22ರಲ್ಲಿ ಮುಗಿಸಿದ ಟ್ಯಾಂಕಿನ ಮೌಲ್ಯ 145 ಲಕ್ಷ. 2024–25ರ ಬೆಲೆಗೆ ತರುವಾಗ ಮೂಲ ಮೊತ್ತದ ಮೇಲಷ್ಟೇ ಶೇ. 10 ಸೇರಿಸಿದರೆ 188.5 ಲಕ್ಷ, ವರ್ಷದಿಂದ ವರ್ಷಕ್ಕೆ ಚಕ್ರವಾಗಿ ಸೇರಿಸಿದರೆ ಸುಮಾರು 193 ಲಕ್ಷ.

ತಾಂತ್ರಿಕ ಬಿಡ್ ತೆರೆದ ಮೇಲೆ ಈ ಲೆಕ್ಕದ ವಿಧಾನ ನಿಗದಿಯಾದರೆ ಯಾರು ಉಳಿಯುತ್ತಾರೆ, ಯಾರು ಹೊರಬೀಳುತ್ತಾರೆ ಎಂಬುದು ಪರಿಶೀಲಿಸುವವರ ಓದಿಗೆ ಬಿಟ್ಟದ್ದಾಗುತ್ತದೆ. ತಾಂತ್ರಿಕವಾಗಿ ಅನರ್ಹನಾದವನ ಆರ್ಥಿಕ ಬಿಡ್ ತೆರೆಯುವುದೇ ಇಲ್ಲವಾದ್ದರಿಂದ, ಆತನ ದರ ಎಷ್ಟೇ ಕಡಿಮೆಯಿದ್ದರೂ ಇಲಾಖೆಗೆ ಅದರ ಲಾಭ ಸಿಗದು. ಲೆಕ್ಕದ ವಿಧಾನವನ್ನು ಹೀಗೆ ನಂತರ ನಿಗದಿಪಡಿಸುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಆಶಯಕ್ಕೂ ವಿರುದ್ಧವಾದದ್ದು. ನಾವು ಷರತ್ತಿನ ಸಡಿಲಿಕೆ ಕೇಳುತ್ತಿಲ್ಲ. ಅಳತೆಗೋಲು ಎಲ್ಲರಿಗೂ ಮೊದಲೇ ತಿಳಿದಿರಲಿ ಎಂದಷ್ಟೇ ಕೋರುತ್ತಿದ್ದೇವೆ.

ಆದ್ದರಿಂದ ತಮ್ಮಲ್ಲಿ ನಮ್ಮ ಬೇಡಿಕೆಗಳು:

ಅ) B ಎಂದರೆ ಒಟ್ಟು ಬಾಕಿಯೇ, ಅವಧಿಯೊಳಗಿನ ಬಾಕಿಯೇ ಎಂಬುದನ್ನೂ N ಮೌಲ್ಯವನ್ನೂ ಲಿಖಿತವಾಗಿ ತಿಳಿಸಬೇಕು.
ಆ) ಶೇ. 10ರ ಲೆಕ್ಕದ ವಿಧಾನವನ್ನೂ ಆಧಾರ ವರ್ಷವನ್ನೂ ಒಂದು ಉದಾಹರಣೆಯೊಂದಿಗೆ ಸ್ಪಷ್ಟಪಡಿಸಬೇಕು.
ಇ) ಉತ್ತರವನ್ನು ನಮಗೊಬ್ಬರಿಗೇ ಕಳಿಸದೆ, ಪ್ರಶ್ನೆ ಕೇಳಿದವರ ಹೆಸರಿಲ್ಲದೆ ಇ-ಸಂಗ್ರಹಣೆ ಪೋರ್ಟಲ್‌ನಲ್ಲಿ ತಿದ್ದುಪಡಿಯಾಗಿ ಪ್ರಕಟಿಸಬೇಕು.
ಈ) ಬಿಡ್ ಸಲ್ಲಿಕೆಯ ಕೊನೆಯ ದಿನಾಂಕ ಸಮೀಪಿಸಿದಾಗ ಆ ತಿದ್ದುಪಡಿ ಪ್ರಕಟವಾದಲ್ಲಿ, ದಾಖಲೆ ಸಿದ್ಧಪಡಿಸಲು ಸಾಕಾಗುವಷ್ಟು ಅವಧಿ ವಿಸ್ತರಿಸಬೇಕು.

ಪೂರಕವಾಗಿ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಹಾಗೂ ಬಾಕಿ ಕಾಮಗಾರಿಗಳ ವಿವರಪಟ್ಟಿಯನ್ನು ಲಗತ್ತಿಸಿದೆ.


ತಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರರು