ಸಲೂನಿನ ಪಟ್ಟಿಯಲ್ಲಿ ಟಿಕ್ ಗುರುತು ಸಾಲದು, ಅಂಕಿ ಬೇಕು

ಬಾಗಿಲು ತೆರೆಯುವಾಗ ಮತ್ತು ಮುಚ್ಚುವಾಗ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಹಲವು ಸಲೂನುಗಳ ಗೋಡೆಯ ಮೇಲೆ ಕಾಣಬಹುದು. ‘ನೆಲ ಒರೆಸಲಾಗಿದೆ’, ‘ಗೀಸರ್ ಆರಿಸಲಾಗಿದೆ’, ‘ನಗದು ತಾಳೆಯಾಗಿದೆ’ ಎಂಬ ಸಾಲುಗಳ ಮುಂದೆ ವಾರದ ಟಿಕ್ ಗುರುತುಗಳೆಲ್ಲ ಒಂದೇ ದಿನ ಹಾಕಿದಂತಿರುವುದೂ ಉಂಟು. ಸಂಜೆ ಅರ್ಧ ಗಂಟೆ ಮಾತ್ರ ಬರಬಲ್ಲ ಮಾಲೀಕನಿಗೆ ಇಂತಹ ಪಟ್ಟಿಯಿಂದ ತಿಳಿಯುವುದು ಏನೂ ಇಲ್ಲ. ಎಣಿಸದೆ ಬರೆಯಲಾಗದಂತಹ ಅಂಕಿಯನ್ನು ಪಟ್ಟಿಯು ಕೇಳಬೇಕು.

ಬೆಳಿಗ್ಗೆ ಬರೆಯಬೇಕಾದ ಅಂಕಿಗಳು ಮೂರು: ಗಲ್ಲಾದಲ್ಲಿರುವ ಚಿಲ್ಲರೆ ಹಣ, ಒಗೆದು ಮಡಿಸಿಟ್ಟ ಟವೆಲುಗಳ ಸಂಖ್ಯೆ, ಕೂದಲ ಬಣ್ಣದ ಟ್ಯೂಬುಗಳ ಒಟ್ಟು ತೂಕ. ತೂಕಕ್ಕೆ ಅಡಿಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಇದರೊಡನೆ ಕೌಂಟರಿನ ಯುಪಿಐ ಕ್ಯೂಆರ್‌ಗೆ ಒಂದು ರೂಪಾಯಿ ಕಳಿಸಿ, ಅದು ಮಾಲೀಕನ ಫೋನಿಗೆ ಬಂದಿತೇ ಎಂದು ನೋಡುವುದು ಒಳ್ಳೆಯದು. ಮೂಲ ಚೀಟಿಯ ಮೇಲೆ ಬೇರೊಂದು ಖಾತೆಯ ಚೀಟಿಯನ್ನು ಅಂಟಿಸಿದ್ದರೆ ಅಲ್ಲಿಯೇ ತಿಳಿಯುತ್ತದೆ.

ರಾತ್ರಿ ಬಿಲ್ಲುಗಳ ಮೊತ್ತವನ್ನು ಕೂಡುವ ಮೊದಲೇ ನಗದನ್ನು ಎಣಿಸಿ ಬರೆಯಬೇಕು. ಬರಬೇಕಾದ ಮೊತ್ತ ಮೊದಲೇ ಗೊತ್ತಿದ್ದರೆ ಎಣಿಕೆಯನ್ನು ಅದಕ್ಕೆ ಹೊಂದಿಸುವ ಆಸೆ ಸಹಜ. ಯುಪಿಐ ಮೊತ್ತವನ್ನು ವ್ಯಾಪಾರಿ ಆ್ಯಪಿನ ಆ ದಿನದ ಪಟ್ಟಿಯಿಂದ ತೆಗೆದುಕೊಳ್ಳಬೇಕು. ಬ್ಯಾಂಕಿಗೆ ಹಣ ಮರುದಿನ ಜಮೆಯಾಗುವ ವ್ಯವಸ್ಥೆಯೂ ಇರುವುದರಿಂದ ಪಾಸ್‌ಬುಕ್ಕಿನೊಡನೆ ತಾಳೆ ನೋಡಿದರೆ ಗೊಂದಲವಾಗುತ್ತದೆ.

ಮೂರು ಕುರ್ಚಿಗಳ ಸಲೂನೊಂದನ್ನು ಊಹಿಸಿಕೊಳ್ಳೋಣ. ದಿನದ ಬಿಲ್ಲುಗಳು 19, ಮೊತ್ತ 6,950 ರೂ. ಅದರಲ್ಲಿ ಯುಪಿಐ 4,200, ನಗದು 2,750. ಬೆಳಗಿನ ಚಿಲ್ಲರೆ 1,000 ಸೇರಿಸಿ, ಚಹಾ ಮುಂತಾದ ಖರ್ಚು 150 ಕಳೆದರೆ ಗಲ್ಲಾದಲ್ಲಿ 3,600 ಇರಬೇಕು, ಅಷ್ಟೇ ಇದೆ. ಆದರೆ ಈ ತಾಳೆಯು ಬಿಲ್ ಮಾಡಿದ ಹಣ ಬಂದಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಬಿಲ್ಲಿಲ್ಲದೆ ನಡೆದ ಕೆಲಸದ ಹಣ ಗಲ್ಲಾಕ್ಕೆ ಬಂದೇ ಇರುವುದಿಲ್ಲ.

ಇಲ್ಲಿ ಟವೆಲು ಮಾತನಾಡುತ್ತದೆ. ಗಿರಾಕಿಗೆ ಒಂದು, ಬಣ್ಣ ಹಚ್ಚಿಸಿಕೊಂಡವರಿಗೆ ಎರಡು ಎಂಬುದು ಅಲ್ಲಿನ ಪದ್ಧತಿ. 19 ಬಿಲ್ಲುಗಳಲ್ಲಿ ಎರಡು ಬಣ್ಣದವು. ಆದ್ದರಿಂದ 21 ಟವೆಲು ಬಳಕೆಯಾಗಬೇಕಿತ್ತು. ಬೆಳಿಗ್ಗೆ 30 ಇದ್ದು ರಾತ್ರಿ ಏಳು ಉಳಿದಿವೆ, ಅಂದರೆ 23 ಬಳಕೆಯಾಗಿವೆ. ಬಣ್ಣಕ್ಕೆ ತಲಾ 30 ಗ್ರಾಂನಂತೆ 60 ಗ್ರಾಂ ಸಾಕಾಗಬೇಕಿತ್ತು. ತಕ್ಕಡಿ 95 ತೋರಿಸುತ್ತದೆ. ಎರಡು ಟವೆಲು ಮತ್ತು 35 ಗ್ರಾಂ ಬಣ್ಣ, ಎರಡೂ ಬಿಲ್ಲಿಲ್ಲದ ಒಂದು ಬಣ್ಣದ ಕೆಲಸದತ್ತ ಬೆರಳು ತೋರಿಸುತ್ತವೆ.

ಹಾಗೆಂದು ಒಂದು ದಿನದ ವ್ಯತ್ಯಾಸವನ್ನು ಕಳ್ಳತನವೆಂದು ಎಣಿಸುವುದು ತಪ್ಪು. ಉದ್ದ ಕೂದಲಿಗೆ ಹೆಚ್ಚು ಬಣ್ಣ ಬೇಕು. ಟವೆಲು ಕನ್ನಡಿ ಒರೆಸಲು ಹೋಗಿರಬಹುದು. ಸರಿಯಾಗದ ಕೆಲಸವನ್ನು ಉಚಿತವಾಗಿ ಮತ್ತೆ ಮಾಡಿರಬಹುದು. ಈ ಕೊನೆಯದಕ್ಕೆ ಶೂನ್ಯ ಮೊತ್ತದ ಬಿಲ್ ಬರೆಯುವುದನ್ನು ಕಡ್ಡಾಯಗೊಳಿಸಬೇಕು. ಎರಡೂ ಅಂಕಿಗಳು ಒಂದೇ ದಿಕ್ಕಿನಲ್ಲಿ, ಒಬ್ಬನೇ ಕೆಲಸಗಾರನ ಪಾಳಿಯಲ್ಲಿ ಮತ್ತೆ ಮತ್ತೆ ತಪ್ಪಿದರೆ ಆಗ ವಿಚಾರಿಸಬೇಕು. ಶಾಂಪೂ, ಕ್ರೀಮುಗಳನ್ನೂ ದಿನವೂ ಅಳೆಯಹೊರಟರೆ ವಾರದೊಳಗೆ ಪಟ್ಟಿ ಮತ್ತೆ ಟಿಕ್ ಗುರುತಿಗೆ ಇಳಿಯುತ್ತದೆ. ಅವುಗಳಿಗೆ ತಿಂಗಳ ಲೆಕ್ಕ ಸಾಕು.

ರಾತ್ರಿ ಮುಚ್ಚುವವನು ಮತ್ತು ಬೆಳಿಗ್ಗೆ ತೆರೆಯುವವನು ಬೇರೆ ಬೇರೆಯಾಗಿದ್ದರೆ ಉತ್ತಮ. ಹಿಂದಿನ ರಾತ್ರಿಯ ನಗದು ಮತ್ತು ತೂಕವನ್ನು ತೆರೆಯುವವನು ಮತ್ತೊಮ್ಮೆ ನೋಡಿ ತನ್ನ ಸಹಿಯೊಡನೆ ಬರೆಯುತ್ತಾನೆ. ಒಗೆದ ಟವೆಲುಗಳನ್ನು ಹೊಸದಾಗಿ ಎಣಿಸುತ್ತಾನೆ.