ಮನೆ ಗಟ್ಟಿ, ನೆಲ ಸಡಿಲ

2011ರ ಮಾರ್ಚ್ 11ರಂದು ಜಪಾನನ್ನು ನಡುಗಿಸಿದ ಭೂಕಂಪದ ಕೇಂದ್ರ ಟೋಕಿಯೊ ಕೊಲ್ಲಿಯಿಂದ ಸುಮಾರು 400 ಕಿ.ಮೀ. ದೂರದಲ್ಲಿತ್ತು. ಆದರೂ ಕೊಲ್ಲಿಯ ದಂಡೆಯ ಉರಯಾಸು ನಗರದಲ್ಲಿ ಗೋಡೆ ಬಿರುಕು ಬಿಡದ ಮನೆಗಳೂ ವಾಲಿ ಕೂತವು, ಮ್ಯಾನ್‌ಹೋಲ್‌ಗಳು ರಸ್ತೆಯಿಂದ ಮೇಲೆದ್ದವು, ಅಂಗಳಗಳಲ್ಲಿ ಬೂದು ಕೆಸರು ಉಕ್ಕಿತು. ಅದೇ ಊರಿನ ಡಿಸ್ನಿಲ್ಯಾಂಡ್‌ನಲ್ಲಿ ವಾಹನ ನಿಲುಗಡೆಯ ಜಾಗ ಕೆಸರಾಯಿತು, ಉದ್ಯಾನದ ನೆಲ ಮಾತ್ರ ಜಗ್ಗಲಿಲ್ಲ. ಎರಡೂ ಕೊಲ್ಲಿಯ ತಳದ ಮರಳು, ಹೂಳು ತುಂಬಿ ಸಮುದ್ರದಿಂದ ಪಡೆದ ಜಾಗವೇ.

ಸಡಿಲವಾಗಿ ತುಂಬಿದ ಮರಳಿನ ಕಣಗಳು ಅಲುಗಾಡಿಸಿದರೆ ಒತ್ತೊತ್ತಾಗಿ ಕೂರಲು ನೋಡುತ್ತವೆ. ನಡುವಿನ ಸಂದುಗಳಲ್ಲಿ ನೀರು ತುಂಬಿದ್ದರೆ ಅದು ಅಷ್ಟು ಬೇಗ ಹೊರಹೋಗಲಾರದು. ಆಗ ಕಣದಿಂದ ಕಣಕ್ಕೆ ದಾಟುತ್ತಿದ್ದ ಭಾರ ನೀರಿನ ಮೇಲೆ ಬೀಳುತ್ತದೆ. ನೀರಿನ ಒತ್ತಡ ಏರಿ ಕಣಗಳ ಹಿಡಿತ ತಪ್ಪಿದರೆ ನೆಲವೇ ದ್ರವದಂತಾಗುತ್ತದೆ. ಭಾರದ ಮನೆ ಮುಳುಗುತ್ತದೆ, ಹಗುರ ಮ್ಯಾನ್‌ಹೋಲ್ ತೇಲುತ್ತದೆ. ಉರಯಾಸುವಿನಲ್ಲಿ ಅಲುಗಾಟ ತೀರಾ ತೀವ್ರವೇನಲ್ಲ, ಆದರೆ ನಿಮಿಷಗಟ್ಟಲೆ ಸಾಗಿತು. ಒತ್ತಡ ಏರಲು ಅಷ್ಟು ಸಾಕಾಯಿತು.

ಉದ್ಯಾನವನ್ನು ಉಳಿಸಿದ್ದು ಕಟ್ಟುವ ಮುನ್ನವೇ ನೆಲಕ್ಕಿಳಿಸಿದ್ದ ಮರಳಿನ ಕಂಬಗಳು. ಸುಮಾರು 40 ಸೆಂ.ಮೀ. ವ್ಯಾಸದ ಉಕ್ಕಿನ ಕೊಳವೆಯನ್ನು ಕಂಪಿಸುತ್ತ ಸಡಿಲ ಪದರದ ತಳದವರೆಗೆ ಇಳಿಸಿ, ಒಳಗೆ ಮರಳು ಸುರಿಯುತ್ತಾರೆ. ಕೊಳವೆಯನ್ನು ಸ್ವಲ್ಪ ಎತ್ತಿ ಮತ್ತೆ ಅದುಮುತ್ತ ಹೋದರೆ ಸುಮಾರು 70 ಸೆಂ.ಮೀ. ದಪ್ಪದ ಕಂಬ ಮೂಡುತ್ತದೆ. ಹಾಗೆ ಹಿಗ್ಗಿದ ಕಂಬ ಸುತ್ತಲಿನ ಮರಳನ್ನು ಬಿಗಿಯಾಗಿಸುತ್ತದೆ. ಗುಣ ಬಂತೇ ಎಂದು ತಿಳಿಯಲು ಕಂಬದೊಳಗಲ್ಲ, ಎರಡು ಕಂಬಗಳ ನಡುವೆ ಕೊರೆದು ನೋಡಬೇಕು. 63.5 ಕೆ.ಜಿ. ಸುತ್ತಿಗೆಯ ಎಷ್ಟು ಹೊಡೆತಕ್ಕೆ ಪರೀಕ್ಷಾ ಕೊಳವೆ 30 ಸೆಂ.ಮೀ. ಇಳಿಯುತ್ತದೆ ಎಂಬುದೇ ಅಳತೆ. ಮರಳಿನಲ್ಲಿ ನುಣ್ಣನೆ ಹೂಳು ಹೆಚ್ಚಿದ್ದರೆ ಈ ವಿಧಾನ ಅಷ್ಟಾಗಿ ಫಲಿಸದು.

ಮನೆಗಳೆದ್ದ ಮೇಲೆ ಇಂಥ ಕಂಪನದ ಕೆಲಸ ಕಷ್ಟ. ಉರಯಾಸು ನಗರಾಡಳಿತ ಆಮೇಲೆ ಹಿಡಿದ ದಾರಿ ಬೇರೆ: ಮಣ್ಣಿಗೆ ಸಿಮೆಂಟ್ ಕಲಸಿ ಮನೆಗಳ ನಡುವೆ ನೆಲದಡಿ ಚೌಕುಳಿ ಗೋಡೆ ಕಟ್ಟುವುದು. ಗೋಡೆಗಳ ನಡುವೆ ಸಿಕ್ಕ ಮರಳು ಹೆಚ್ಚು ಅಲುಗದು. ಆದರೆ ಇದಕ್ಕೆ ಇಡೀ ಬಡಾವಣೆಯ ಒಪ್ಪಿಗೆ, ಹಣ ಎರಡೂ ಬೇಕು. ಬಹುಪಾಲು ಕಡೆ ಒಪ್ಪಿಗೆಯೇ ಕೂಡಿಬರಲಿಲ್ಲ. ಆ ಭೂಕಂಪದಲ್ಲಿ ಆಳದ ಪೈಲ್ ಮೇಲೆ ನಿಂತ ಕಟ್ಟಡಗಳೇನೋ ವಾಲಲಿಲ್ಲ. ಸುತ್ತಲಿನ ನೆಲ ಕುಸಿದು ನೀರಿನ, ಚರಂಡಿಯ ಕೊಳವೆಗಳು ಕಳಚಿದ್ದವು ಅಷ್ಟೆ. ನಲ್ಲಿಯಲ್ಲಿ ನೀರು ಬಾರದ ಗಟ್ಟಿ ಮನೆಯಲ್ಲಿ ಬದುಕುವುದು ಹೇಗೆ?

ನಮ್ಮಲ್ಲಿ ಐಎಸ್ 1893 ಸಂಹಿತೆಯ 2016ರ ಆವೃತ್ತಿ ಮೂರನೇ ಹಾಗೂ ಮೇಲಿನ ಭೂಕಂಪ ವಲಯಗಳಲ್ಲಿ 5 ಮೀಟರ್ ಆಳದವರೆಗೆ ಕನಿಷ್ಠ 15, 10 ಮೀಟರ್ ಮೀರಿದರೆ 25 ಹೊಡೆತ ಇರಲಿ ಎನ್ನುತ್ತದೆ. ಆ ನಕ್ಷೆಯಲ್ಲಿ ಮಂಗಳೂರು ಮೂರನೇ ವಲಯದಲ್ಲಿದೆ. ಮನೆಯ ನಕ್ಷೆಗೆ ಮುದ್ರೆ ಒತ್ತುವಾಗ ಈ ಲೆಕ್ಕ ಕೇಳಿದರೆ ತಡವಾಯಿತು. ನದಿದಂಡೆಯಲ್ಲೋ ಕಡಲ ಬದಿಯಲ್ಲೋ ಮರಳು ತುಂಬಿ ನಿವೇಶನ ಮಾಡುವವರು ಬಡಾವಣೆಯ ಅನುಮತಿಗೆ ಬರುವಾಗಲೇ ನೆಲ ಕೊರೆದು ನೋಡಿದ ವರದಿ ತರಲಿ. ನೆಲ ಬಿಗಿಗೊಳಿಸಿದ್ದರೆ ಕಂಬಗಳ ನಡುವಿನ ಮರುಪರೀಕ್ಷೆಯ ವರದಿಯೂ ಜೊತೆಗಿರಲಿ, ನಿವೇಶನ ಕೊಳ್ಳುವವರಿಗೂ ಅದರ ಪ್ರತಿ ಸಿಗಲಿ.